ಕೊನೆಯ ಕಿಲೋ ಬೀಜಕ್ಕೆ ಬೀಳುವ ಖರ್ಚು

ರಾಣೆಬೆನ್ನೂರು ಸೀಮೆಗೆ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ಹೊಸ ಕಸುಬಲ್ಲ. ಟೊಮೆಟೊ, ಮೆಣಸಿನಕಾಯಿ, ದೊಣ್ಣೆಮೆಣಸು ಮುಂತಾದ ಬೆಳೆಗಳ ಬೀಜವನ್ನು ಇಲ್ಲಿನ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ದಶಕಗಳಿಂದ ಬೆಳೆದುಕೊಡುತ್ತಿದ್ದಾರೆ. ಮೂಲ ಬೀಜ ಕಂಪನಿಯದು; ನೆಲ, ನೀರು, ಆಳು ರೈತನವು. ಕಿಲೋಗೆ ಇಷ್ಟು ಎಂಬ ದರ ಮೊದಲೇ ನಿಗದಿಯಾಗುತ್ತದೆ. ಆ ದರದ ಮಾತುಕತೆಯಲ್ಲಿ ಎದ್ದು ಬರುವ ಪ್ರಶ್ನೆ ಒಂದೇ: ‘ಒಂದು ಕಿಲೋ ಬೀಜ ತೆಗೆಯಲು ಎಷ್ಟು ಖರ್ಚು ಬರುತ್ತದೆ?’ ಈ ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ನಂಬಿ ಚೌಕಾಸಿಗೆ ಕೂರುವುದರಿಂದಲೇ ರೈತನಿಗೆ ನಷ್ಟವಾಗುತ್ತದೆ. ಕಿಲೋದ ಸರಾಸರಿ ಖರ್ಚು ಬೇರೆ, ಕೊನೆಯ ಕಿಲೋಗೆ ಬಿದ್ದ ಖರ್ಚು ಬೇರೆ. ಇವೆರಡರ ಸಂಬಂಧ ತಿಳಿದರೆ ಎಲ್ಲಿಯವರೆಗೆ ಆಳು ಹಚ್ಚಬೇಕು, ಎಷ್ಟು ದರಕ್ಕೆ ಒಪ್ಪಬೇಕು, ಯಾವಾಗ ಕೈಬಿಡಬೇಕು ಎಂಬ ಮೂರಕ್ಕೂ ಉತ್ತರ ಸಿಗುತ್ತದೆ.

ಟೊಮೆಟೊ ಬೀಜದ ಕೆಲಸವನ್ನೇ ನೋಡಿ. ಹೆಣ್ಣು ಸಾಲಿನ ಗಿಡದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಅದರ ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಮಾರನೆಯ ದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಗಂಡು ಗಿಡದ ಹೂವಿನಿಂದ ಸಂಗ್ರಹಿಸಿದ ಪರಾಗವನ್ನು ಆ ಹೂವಿಗೆ ಮುಟ್ಟಿಸಬೇಕು. ಕ್ರಾಸಿಂಗ್ ಆದ ಹೂವಿನ ಗುರುತಿಗೆ ಅದರ ಹಸಿರು ಪುಷ್ಪಪತ್ರಗಳಲ್ಲಿ ಒಂದೆರಡನ್ನು ಕತ್ತರಿಸಿ ಬಿಡುತ್ತಾರೆ. ತಾನಾಗಿ ಕಟ್ಟಿದ ಕಾಯಿಯನ್ನು ಕಿತ್ತೆಸೆಯಬೇಕು. ಅದು ಬೀಜದಲ್ಲಿ ಬೆರೆತರೆ ತಳಿಶುದ್ಧತೆ ಕೆಡುತ್ತದೆ. ಎಲ್ಲವೂ ಕೈಯಿಂದಲೇ ಆಗುವ ಕೆಲಸ. ಹೀಗಾಗಿ ಈ ಬೀಜದ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದು.

ಐರಣಿಯಂಥ ಹೊಳೆದಂಡೆಯ ಊರಿನಲ್ಲಿ ಒಬ್ಬ ರೈತನಿಗೆ 10 ಗುಂಟೆಯ ನೆಟ್ ಹೌಸ್ ಇದೆ ಎಂದುಕೊಳ್ಳೋಣ. ಮುಂದಿನ ಅಂಕಿಗಳೆಲ್ಲ ಲೆಕ್ಕ ತಿಳಿಯಲೆಂದು ಹಿಡಿದವು. ನೆಟ್ ಹೌಸಿನ ಸವಕಳಿ, ಹನಿ ನೀರಾವರಿ, ಸಸಿ, ಗೊಬ್ಬರ, ಭೂಮಿಯ ಗೇಣಿ ಎಲ್ಲ ಸೇರಿ ಒಂದು ಹಂಗಾಮಿಗೆ 60,000 ರೂಪಾಯಿ. ಒಬ್ಬರೂ ಕ್ರಾಸಿಂಗ್‌ಗೆ ಬರದಿದ್ದರೂ ಈ ಹಣ ಹೋಗಿಯೇ ಹೋಗುತ್ತದೆ. ಇದು ಸ್ಥಿರ ವೆಚ್ಚ. ಕ್ರಾಸಿಂಗ್ 40 ದಿನ ನಡೆಯುತ್ತದೆ, ದಿನಗೂಲಿ 400 ರೂಪಾಯಿ. ಅಂದರೆ ಒಂದು ಆಳಿಗೆ ಹಂಗಾಮಿಗೆ 16,000 ರೂಪಾಯಿ. ಆಳು ಹೆಚ್ಚಿದಂತೆ ಹೆಚ್ಚುವ ಇದು ಬದಲಾಗುವ ವೆಚ್ಚ.

| ಆಳು | ಒಟ್ಟು ಬೀಜ (ಕಿಲೋ) | ಆ ಆಳಿನಿಂದ ಹೆಚ್ಚಿದ್ದು (ಕಿಲೋ) | ಹೆಚ್ಚುವರಿ ಕಿಲೋಗೆ ಖರ್ಚು (ರೂ.) | ಸರಾಸರಿ ಒಟ್ಟು ಖರ್ಚು, ಕಿಲೋಗೆ (ರೂ.) |
|---|---|---|---|---|
| 1 | 2 | 2 | 8,000 | 38,000 |
| 2 | 5 | 3 | 5,333 | 18,400 |
| 3 | 8.5 | 3.5 | 4,571 | 12,706 |
| 4 | 11.5 | 3 | 5,333 | 10,783 |
| 5 | 14 | 2.5 | 6,400 | 10,000 |
| 6 | 16 | 2 | 8,000 | 9,750 |
| 7 | 17.5 | 1.5 | 10,667 | 9,829 |
| 8 | 18.5 | 1 | 16,000 | 10,162 |

ಮೊದಲ ಮೂವರವರೆಗೆ ಪ್ರತಿ ಹೊಸ ಆಳಿನಿಂದ ಸಿಗುವ ಬೀಜ ಹೆಚ್ಚುತ್ತದೆ. ಒಬ್ಬರೇ ಇದ್ದಾಗ ಮೊಗ್ಗು ಬಿಡಿಸುವುದು, ಪರಾಗ ತೆಗೆಯುವುದು, ಮುಟ್ಟಿಸುವುದು ಎಲ್ಲವನ್ನೂ ಒಬ್ಬರೇ ಮಾಡಬೇಕು. ಮೂವರಾದರೆ ಕೆಲಸ ಹಂಚಿಕೊಂಡು ಸಾಗುತ್ತದೆ. ನಾಲ್ಕನೆಯ ಆಳಿನಿಂದ ಇಳಿಕೆ ಶುರು. ಕಾರಣ ಆ ಆಳಿನ ಸೋಮಾರಿತನವಲ್ಲ. ಗಿಡದ ಸಂಖ್ಯೆ ಅಷ್ಟೇ ಇದೆ, ದಿನಕ್ಕೆ ಹದಕ್ಕೆ ಬರುವ ಮೊಗ್ಗು ಅಷ್ಟೇ, ಬೆಳಗಿನ ತಂಪು ಹೊತ್ತು ಅಷ್ಟೇ. ಸುಲಭವಾಗಿ ಕೈಗೆ ಸಿಗುವ ಮೊಗ್ಗುಗಳನ್ನು ಮೊದಲಿನವರು ಮುಗಿಸಿರುತ್ತಾರೆ. ನಂತರ ಬಂದವರು ಎಲೆಯ ಮರೆಯಲ್ಲಿ ಹುಡುಕಬೇಕು. ಗಿಡಕ್ಕೆ ತಾಳಿಕೆಯಾಗದಷ್ಟು ಕಾಯಿ ಕಟ್ಟಿಸಿದರೆ ಕಾಯಿ ಸಣ್ಣದಾಗಿ ಬೀಜವೂ ಜೊಳ್ಳಾಗುತ್ತದೆ. ಬದಲಾಗದ ಒಂದು ಸಾಧನದ ಮೇಲೆ ಬದಲಾಗುವ ಸಾಧನವನ್ನು ಪೇರಿಸುತ್ತ ಹೋದಾಗ ಆಗುವ ಈ ಇಳಿಕೆಯೇ ಇಳಿಮುಖ ಸೀಮಾಂತ ಉತ್ಪನ್ನ. 1815ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಆಮದಿಗೆ ಕಡಿವಾಣ ಹಾಕುವ ಚರ್ಚೆ ನಡೆದಾಗ ಮಾಲ್ತಸ್, ರಿಕಾರ್ಡೊ, ವೆಸ್ಟ್ ಮೂವರೂ ಈ ತತ್ವವನ್ನು ಮುಂದಿಟ್ಟರು. ಅದು ಹುಟ್ಟಿದ್ದೇ ಹೊಲದ ಲೆಕ್ಕದಲ್ಲಿ.

ಕೂಲಿ ಎಲ್ಲ ಆಳಿಗೂ ಒಂದೇ. ಆದರೆ ಆಳಿನಿಂದ ಹೆಚ್ಚುವ ಬೀಜ ಕಡಿಮೆಯಾಗುತ್ತಿದೆ. ಹಾಗಾಗಿ ಹೆಚ್ಚುವರಿ ಕಿಲೋದ ಖರ್ಚು, ಅಂದರೆ ಸೀಮಾಂತ ವೆಚ್ಚ, ಏರಲೇಬೇಕು. 16,000 ರೂಪಾಯಿಗೆ 3.5 ಕಿಲೋ ಸಿಕ್ಕರೆ ಕಿಲೋಗೆ 4,571. ಅದೇ ಹಣಕ್ಕೆ ಒಂದೇ ಕಿಲೋ ಸಿಕ್ಕರೆ 16,000. ಸೀಮಾಂತ ಉತ್ಪನ್ನ ತುದಿ ಮುಟ್ಟುವ ಕಡೆಯೇ ಸೀಮಾಂತ ವೆಚ್ಚ ತಳ ಮುಟ್ಟುತ್ತದೆ.

ಸರಾಸರಿ ತಿರುಗುವ ಜಾಗ

ಹಲವರು ಎಡವುವುದು ಇಲ್ಲಿ. ನಾಲ್ಕನೆಯ ಆಳಿನಿಂದಲೇ ಇಳುವರಿಯ ಹೆಚ್ಚಳ ಕುಗ್ಗುತ್ತಿದೆ, ಹಾಗಿದ್ದರೆ ಮೂವರಿಗೇ ನಿಲ್ಲಿಸುವುದು ಲಾಭವಲ್ಲವೇ ಎಂದು ಕೇಳುತ್ತಾರೆ. ಕೋಷ್ಟಕದ ಕೊನೆಯ ಅಂಕಣ ಬೇರೆಯೇ ಹೇಳುತ್ತದೆ: ಸರಾಸರಿ ಖರ್ಚು ಆರನೆಯ ಆಳಿನವರೆಗೂ ಇಳಿಯುತ್ತಲೇ ಇದೆ. ಸೀಮಾಂತ ವೆಚ್ಚ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಸರಾಸರಿಗೆ ಸಂಬಂಧಿಸಿದ್ದಲ್ಲ. ಅದು ಸರಾಸರಿಗಿಂತ ಕೆಳಗಿದೆಯೋ ಮೇಲಿದೆಯೋ ಎಂಬುದಷ್ಟೇ ಮುಖ್ಯ.

ಐವರಿದ್ದಾಗ 14 ಕಿಲೋ, ಸರಾಸರಿ 10,000 ರೂಪಾಯಿ. ಆರನೆಯ ಆಳು ತರುವ ಎರಡು ಕಿಲೋದ ಖರ್ಚು ತಲಾ 8,000. ಐದನೆಯ ಆಳಿನ ಕಿಲೋಗಿಂತ (6,400) ಇದು ದುಬಾರಿ, ನಿಜ. ಆದರೆ ಅಲ್ಲಿಯವರೆಗಿನ ಸರಾಸರಿಗಿಂತ ಅಗ್ಗ. ಹತ್ತು ಸಾವಿರದ ರಾಶಿಗೆ ಎಂಟು ಸಾವಿರದ ಮಾಲು ಬೆರೆತರೆ ಸರಾಸರಿ ಇಳಿಯದೆ ಬೇರೆ ದಾರಿಯಿಲ್ಲ. ಅದು 9,750ಕ್ಕೆ ಬಂತು. ಏಳನೆಯ ಆಳು ತರುವ ಕಿಲೋದ ಖರ್ಚು 10,667. ಅದು 9,750ಕ್ಕಿಂತ ಹೆಚ್ಚು, ಆದ್ದರಿಂದ ಸರಾಸರಿಯನ್ನು 9,829ಕ್ಕೆ ಎತ್ತಿತು. ಕೆಳಗಿದ್ದಷ್ಟು ಕಾಲ ಸೀಮಾಂತ ವೆಚ್ಚ ಸರಾಸರಿಯನ್ನು ಕೆಳಗೆಳೆಯುತ್ತದೆ, ಮೇಲೆ ಹೋದೊಡನೆ ಮೇಲಕ್ಕೆಳೆಯುತ್ತದೆ. ಎರಡೂ ಸಮವಾಗುವ ಒಂದು ಹಂತದಲ್ಲಿ ಮಾತ್ರ ಸರಾಸರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ಹಂತವೇ ಅದರ ಕನಿಷ್ಠ ಬಿಂದು. ಪಠ್ಯಪುಸ್ತಕದ ಚಿತ್ರದಲ್ಲಿ ಸೀಮಾಂತ ವೆಚ್ಚದ ರೇಖೆ ಸರಾಸರಿ ಒಟ್ಟು ವೆಚ್ಚದ ರೇಖೆಯನ್ನು ಅದರ ತಳದಲ್ಲೇ ದಾಟಿ ಹೋಗುವುದು ಇದೇ ಕಾರಣಕ್ಕೆ.

ಇದನ್ನು ಪರೀಕ್ಷಿಸಲು ನೆಟ್ ಹೌಸಿನ ಖರ್ಚು 20,000 ಏರಿ, ಸ್ಥಿರ ವೆಚ್ಚ 80,000 ಆಯಿತೆಂದುಕೊಳ್ಳಿ. ಸೀಮಾಂತ ವೆಚ್ಚದ ಅಂಕಣದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ, ಏಕೆಂದರೆ ಮುಂದಿನ ಆಳಿನ ಕೂಲಿಗೂ ನೆಟ್ಟಿನ ಬೆಲೆಗೂ ಸಂಬಂಧವಿಲ್ಲ. ಸರಾಸರಿ ಮಾತ್ರ ಮೇಲೇರುತ್ತದೆ: ಆರು ಆಳಿಗೆ 11,000, ಏಳಕ್ಕೆ 10,971, ಎಂಟಕ್ಕೆ 11,243. ಕನಿಷ್ಠ ಬಿಂದು ಆರರಿಂದ ಏಳಕ್ಕೆ ಸರಿಯಿತು. ಈಗಲೂ ಅದು ಸೀಮಾಂತ ವೆಚ್ಚದ ಅದೇ ರೇಖೆಯ ಮೇಲೆಯೇ, ಸ್ವಲ್ಪ ಮುಂದಕ್ಕೆ ಕೂತಿದೆ.

ದರಕ್ಕೆ ಒಪ್ಪುವ ಮುನ್ನ

ಇನ್ನು ನಿರ್ಧಾರಗಳ ಮಾತು. 60,000 ಸ್ಥಿರ ವೆಚ್ಚದ ಮೊದಲ ಲೆಕ್ಕಕ್ಕೇ ಮರಳೋಣ. ಕಂಪನಿಯ ದರ ಕಿಲೋಗೆ 12,000 ಇದ್ದರೆ ರೈತ ಎಷ್ಟು ಆಳು ಹಚ್ಚಬೇಕು? ಸರಾಸರಿ ಅತಿ ಕಡಿಮೆಯಿರುವುದು ಆರರಲ್ಲಿ. ಅಲ್ಲಿ ಲಾಭ 36,000. ಆದರೆ ಏಳನೆಯ ಆಳಿನ ಕಿಲೋ 10,667ಕ್ಕೆ ಬಿದ್ದು 12,000ಕ್ಕೆ ಹೋಗುತ್ತದೆ. ಲಾಭ 38,000ಕ್ಕೆ ಏರುತ್ತದೆ. ಎಂಟನೆಯ ಆಳಿನ ಕಿಲೋಗೆ 16,000 ಬೀಳುವುದರಿಂದ ಏಳಕ್ಕೇ ನಿಲ್ಲಿಸಬೇಕು. ಆಳಿನ ಸಂಖ್ಯೆ ತೀರ್ಮಾನಿಸುವುದು ದರ ಮತ್ತು ಸೀಮಾಂತ ವೆಚ್ಚದ ಹೋಲಿಕೆ. ಸರಾಸರಿಯ ಕನಿಷ್ಠ ಬಿಂದು ಹೇಳುವುದು ಬೇರೊಂದನ್ನು: ದರ 9,750ಕ್ಕಿಂತ ಕೆಳಗಿಳಿದರೆ ಎಷ್ಟೇ ಜಾಣತನದಿಂದ ಆಳು ಹಚ್ಚಿದರೂ ಲಾಭವಿಲ್ಲ.

ಹಾಗಾದರೆ ದರ 9,000 ಆದರೆ ಪ್ಲಾಟ್ ಕೈಬಿಡಬೇಕೇ? ಸಸಿ ನಾಟಿ ಆಗಿದ್ದರೆ ಬಿಡಬಾರದು. ಆರು ಆಳಿನಿಂದ 16 ಕಿಲೋ ತೆಗೆದರೆ 12,000 ನಷ್ಟ. ಕೈಬಿಟ್ಟರೆ ಸ್ಥಿರ ವೆಚ್ಚದ 60,000 ಪೂರ್ತಿ ನಷ್ಟ. ಕೂಲಿಯೂ ಹುಟ್ಟದಷ್ಟು ದರ ಕುಸಿದಾಗ ಮಾತ್ರ ಕ್ರಾಸಿಂಗ್ ನಿಲ್ಲಿಸಬೇಕು. ಕಿಲೋಗೆ ಬೀಳುವ ಕೂಲಿಯ ಸರಾಸರಿ ಅತಿ ಕಡಿಮೆಯಿರುವುದು ನಾಲ್ಕು ಆಳಿನಲ್ಲಿ, ಸುಮಾರು 5,565 ರೂಪಾಯಿ. ದರ ಅದಕ್ಕೂ ಕೆಳಗೆ ಹೋದರೆ ಕೆಲಸ ಮುಂದುವರಿಸಿದಷ್ಟೂ ಕೈಯಿಂದ ಹಾಕಬೇಕು. ಆದರೆ ಮುಂದಿನ ಹಂಗಾಮಿಗೆ ಹೊಸದಾಗಿ ಒಪ್ಪಂದ ಮಾಡಿಕೊಳ್ಳುವಾಗ ಈ ವಿನಾಯಿತಿ ಇಲ್ಲ. ಆಗ ಗೇಣಿ, ಸಸಿ, ಗೊಬ್ಬರ ಎಲ್ಲವೂ ಇನ್ನೂ ಖರ್ಚಾಗದ ಹಣ. 9,750ಕ್ಕಿಂತ ಕಡಿಮೆ ದರಕ್ಕೆ ಸಹಿ ಹಾಕುವುದು ತಿಳಿದೂ ತಿಳಿದೂ ನಷ್ಟಕ್ಕೆ ಸಹಿ ಹಾಕಿದಂತೆ.

ಈ ಲೆಕ್ಕ ಕೆಡುವ ಜಾಗಗಳೂ ಇವೆ. ಮನೆಯವರ ದುಡಿಮೆಗೆ ಬೆಲೆ ಕಟ್ಟದಿರುವುದು ಅವುಗಳಲ್ಲಿ ದೊಡ್ಡದು. ಹೆಂಡತಿ, ಸೊಸೆ, ತಮ್ಮ ಏಳನೆಯವರೋ ಎಂಟನೆಯವರೋ ಆಗಿ ಪರದೆಯೊಳಗೆ ಕೂತರೆ ಕೂಲಿ ಕೊಡಬೇಕಾಗಿಲ್ಲ. ಕೊನೆಯ ಕಿಲೋ ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ಆದರೆ ಅವರು ಬೇರೆಯವರ ಪ್ಲಾಟಿಗೆ ಹೋಗಿದ್ದರೆ ತಲಾ 16,000 ತರುತ್ತಿದ್ದರು. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಬೆಂಬಲ ಬೆಲೆಯ ಲೆಕ್ಕದಲ್ಲಿ ಕುಟುಂಬದ ದುಡಿಮೆಯನ್ನು ಸೇರಿಸುತ್ತದೆ; ಬೀಜದ ಪ್ಲಾಟಿನ ಲೆಕ್ಕದಲ್ಲಿ ಅದನ್ನು ಬಿಡಲು ಕಾರಣವಿಲ್ಲ. ಇನ್ನೊಂದು, ಕೈ ಪಳಗದ ಆಳು. ಗಂಡು ಭಾಗ ಸರಿಯಾಗಿ ಕೀಳದೆ ಬಿಟ್ಟ ಹೂಗಳಿಂದ ಬಂದ ಬೀಜ ಬೆರೆತು, ಕಂಪನಿಯ ಶುದ್ಧತೆ ಪರೀಕ್ಷೆಯಲ್ಲಿ ಇಡೀ ಲಾಟ್ ತಿರಸ್ಕೃತವಾದರೆ ಆ ಆಳಿನ ಸೀಮಾಂತ ಉತ್ಪನ್ನ ಸೊನ್ನೆಗೂ ಕೆಳಗೆ ಇಳಿದಂತೆ.

ಇದೆಲ್ಲ ಅಲ್ಪಾವಧಿಯ ಮಾತು, ಅಂದರೆ ನೆಟ್ ಹೌಸ್ 10 ಗುಂಟೆಗೇ ಕಟ್ಟಿಬಿದ್ದಿರುವ ಹಂಗಾಮಿನ ಮಾತು. ಇನ್ನೊಂದು ನೆಟ್ ಹೌಸ್ ಎಬ್ಬಿಸಲು ಸಮಯವೂ ಹಣವೂ ಸಿಕ್ಕರೆ ಏಳನೆಯ, ಎಂಟನೆಯ ಆಳು ಹೊಸ ಗಿಡಗಳ ನಡುವೆ ಕೂರುತ್ತಾರೆ. ಕೋಷ್ಟಕವನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.

ಆದ್ದರಿಂದ ಹಂಗಾಮಿನ ನಡುವೆ ‘ಅದೇ ದರಕ್ಕೆ ಇನ್ನೆರಡೂವರೆ ಕಿಲೋ ಹೆಚ್ಚು ಕೊಡಿ’ ಎಂಬ ಬೇಡಿಕೆ ಬಂದಾಗ ರೈತ ಸರಾಸರಿ ನೋಡಿ ತಲೆಯಾಡಿಸಬಾರದು. ಆರು ಆಳು ಹಚ್ಚಿ 16 ಕಿಲೋ ತೆಗೆಯುತ್ತಿರುವವನಿಗೆ ಇನ್ನೆರಡೂವರೆ ಕಿಲೋ ತೆಗೆಯಲು ಎರಡು ಆಳು, 32,000 ರೂಪಾಯಿ ಬೇಕು, ಕಿಲೋಗೆ 12,800. ಸರಾಸರಿಯ ಕಾಗದದಲ್ಲಿ ಅದು 10,162 ಎಂದಷ್ಟೇ ಕಾಣುತ್ತದೆ. ಹೀಗಾಗಿ ಒಪ್ಪಂದದಲ್ಲಿ ಎರಡು ದರ ಇರಬೇಕು: ಗೊತ್ತುಪಡಿಸಿದ ಪ್ರಮಾಣಕ್ಕೆ ಒಂದು, ಅದಕ್ಕೂ ಹೆಚ್ಚು ಬೇಡಿದರೆ ಆ ಕಿಲೋಗಳಿಗೆ ಹೆಚ್ಚಿನ ಇನ್ನೊಂದು. ಬೀಜ ಬೆಳೆಗಾರರು ಒಟ್ಟಾಗಿ ಈ ಷರತ್ತು ಕೇಳಬೇಕು. ಕೇಳಲು ಬೇಕಾದ ಪುರಾವೆ ಅವರ ಕೈಯಲ್ಲೇ ಇದೆ: ಯಾವ ದಿನ ಎಷ್ಟು ಆಳು ಬಂದರು, ಎಷ್ಟು ಹೂವಿಗೆ ಕ್ರಾಸಿಂಗ್ ಆಯಿತು, ಕೊನೆಗೆ ಎಷ್ಟು ಬೀಜ ತೂಗಿತು ಎಂದು ಬರೆದಿಟ್ಟ ಒಂದು ನೋಟ್‌ಬುಕ್.