ತಲೆ ಸುತ್ತುವಾಗ ನಕ್ಕು, ಕೈ ಎತ್ತಿಬಿಟ್ಟರೆ ಸ್ಟ್ರೋಕ್ ಅಲ್ಲವೇ?

"ನಗಿಸಿ, ಎರಡೂ ಕೈ ಎತ್ತಿಸಿ, ಮಾತಾಡಿಸಿ. ಮೂರೂ ಸರಿಯಿದ್ದರೆ ಸ್ಟ್ರೋಕ್ ಅಲ್ಲ" ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಒಂದು ತಪ್ಪಿದರೂ ಆಸ್ಪತ್ರೆಗೆ ಓಡಿ ಎನ್ನುವಷ್ಟು ನಿಜ. ಮೂರೂ ಸರಿಯಿದ್ದರೆ ನಿಶ್ಚಿಂತೆ ಎನ್ನುವುದು ಸುಳ್ಳು.

ಬಿಪಿ ಇರುವ 58 ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಎದ್ದಾಗಿನಿಂದ ಕೋಣೆಯೇ ಗಿರ್ರನೆ ತಿರುಗುತ್ತಿದೆ, ವಾಂತಿ ನಿಲ್ಲುತ್ತಿಲ್ಲ. ಪಿತ್ತವಿರಬೇಕೆಂದು ಮನೆಯವರು ನಿಂಬೆರಸ ಕೊಡುತ್ತಾರೆ. ನಗು, ಕೈ, ಮಾತು ಎಲ್ಲ ಸರಿಯಾಗಿದೆ.

ಇದು ವೆಸ್ಟಿಬ್ಯುಲರ್ ನ್ಯೂರೈಟಿಸ್ ಇರಬಹುದು. ಅಂದರೆ ಒಳಕಿವಿಯಿಂದ ಮೆದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರದ ಉರಿಯೂತ. ಕೆಲವು ದಿನ ಹಿಂಸೆ ಕೊಟ್ಟರೂ ಜೀವಕ್ಕೆ ಅಪಾಯವಿಲ್ಲ. ಅಥವಾ ತಲೆಯ ಹಿಂಭಾಗದ ಕಿರುಮೆದುಳಿಗೆ ರಕ್ತ ನಿಂತಿರಬಹುದು, ಅದು ಸ್ಟ್ರೋಕ್. ಕೈಕಾಲಿಗೆ ಬಲ ಕೊಡುವುದು ಕಿರುಮೆದುಳಿನ ಕೆಲಸವಲ್ಲ, ಹಾಗಾಗಿ ಕೈ ಸಲೀಸಾಗಿ ಮೇಲೇಳುತ್ತದೆ.

ಎರಡನ್ನೂ ಬೇರ್ಪಡಿಸುವ ಸುಳಿವು ಕಣ್ಣಿನಲ್ಲಿದೆ. ವೈದ್ಯರು "ನನ್ನ ಮೂಗನ್ನೇ ನೋಡಿ" ಎಂದು ಹೇಳಿ, ರೋಗಿಯ ತಲೆಯನ್ನು ಥಟ್ಟನೆ ಸ್ವಲ್ಪವೇ ತಿರುಗಿಸುತ್ತಾರೆ. ನರ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಜಾರಿ, ಮರುಕ್ಷಣ ಮೂಗಿನತ್ತ ಜಿಗಿಯುತ್ತದೆ. ಕಣ್ಣು ಮೂಗಿನ ಮೇಲೇ ನಿಂತರೆ? ನರ ಚೆನ್ನಾಗಿದೆ ಎಂದಾಯಿತು. ಹಾಗಾದರೆ ಈ ತಲೆಸುತ್ತು ಎಲ್ಲಿಂದ ಬಂತು? ಇಲ್ಲಿ 'ನಾರ್ಮಲ್' ಎನ್ನುವುದೇ ಕೆಟ್ಟ ಸುದ್ದಿ, ಮೆದುಳನ್ನು ಅನುಮಾನಿಸಬೇಕು.

ಇನ್ನೆರಡು ಗುರುತುಗಳಿವೆ. ಇಂಥ ತಲೆಸುತ್ತಿನಲ್ಲಿ ಕಣ್ಣುಗುಡ್ಡೆ ತಾನಾಗಿಯೇ ಅದುರುತ್ತದೆ. ನರದ ತೊಂದರೆಯಾದರೆ ಎತ್ತ ನೋಡಿದರೂ ಅದುರುವುದು ಒಂದೇ ದಿಕ್ಕಿಗೆ. ಬಲಕ್ಕೆ ನೋಡಿದಾಗ ಬಲಕ್ಕೆ, ಎಡಕ್ಕೆ ನೋಡಿದಾಗ ಎಡಕ್ಕೆ ಅದುರಿದರೆ ಮೆದುಳಿನದು. ಒಂದೊಂದೇ ಕಣ್ಣು ಮುಚ್ಚಿ ತೆರೆಸಿದಾಗ ಅದು ಮೇಲೆ ಕೆಳಗೆ ಸರಿದರೂ ಅಷ್ಟೇ. ಮೂರರಲ್ಲಿ ಒಂದೇ ಮೆದುಳಿನತ್ತ ಬೊಟ್ಟು ಮಾಡಿದರೂ ಸ್ಟ್ರೋಕ್ ಎಂದೇ ನೋಡುತ್ತಾರೆ. ಹೊಸದಾಗಿ ಒಂದು ಕಿವಿ ಕೇಳಿಸದಿದ್ದರೂ ಎಚ್ಚರ, ಕಿವಿಗೆ ರಕ್ತ ಹೋಗುವುದು ಆ ಕಡೆಯ ರಕ್ತನಾಳಗಳಿಂದಲೇ.

ನಮ್ಮ 58ರ ವ್ಯಕ್ತಿಯ ಕಣ್ಣು ಮೂಗಿನ ಮೇಲೇ ನಿಂತಿತು ಎನ್ನೋಣ. ಸಿ.ಟಿ. ಸ್ಕ್ಯಾನ್ ಸರಿಯಿದೆ ಎಂದು ಮನೆಗೆ ಕಳಿಸುವಂತಿಲ್ಲ. ಸಿ.ಟಿ.ಗೆ ರಕ್ತಸ್ರಾವ ಕಾಣುತ್ತದೆ, ಆ ಭಾಗದ ಹೊಸ ಸ್ಟ್ರೋಕ್ ಬಹಳ ಸಲ ಕಾಣುವುದಿಲ್ಲ. ಮೊದಲ 48 ಗಂಟೆಯಲ್ಲಿ ಎಂ.ಆರ್.ಐ. ಕೂಡ ತಪ್ಪಬಹುದು. 2009ರಲ್ಲಿ ಅಮೆರಿಕದ ವೈದ್ಯರು 101 ರೋಗಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಮೊದಲ ಎಂ.ಆರ್.ಐ.ಗಿಂತ ಈ ಮೂರು ಪರೀಕ್ಷೆಗಳೇ ಹೆಚ್ಚು ಸ್ಟ್ರೋಕ್‌ಗಳನ್ನು ಹಿಡಿದವು.

ಆದರೆ ಪರೀಕ್ಷಿಸುವವರಿಗೆ ತರಬೇತಿ ಬೇಕು, ತಲೆಸುತ್ತು ಆಗಲೂ ನಡೆಯುತ್ತಿರಬೇಕು. ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಸೆಕೆಂಡು ಬಂದು ಹೋಗುವ ತಲೆಸುತ್ತಿಗೆ ಇದು ಅನ್ವಯಿಸದು. ಮನೆಯಲ್ಲಿ ಯಾರದ್ದೂ ಕತ್ತು ತಿರುಗಿಸಬೇಡಿ. ಕತ್ತಿನ ರಕ್ತನಾಳ ಸೀಳಿಯೇ ಸ್ಟ್ರೋಕ್ ಆಗಿರಲೂಬಹುದು. ನೀವು ನೋಡಬಹುದಾದ್ದು ಒಂದಿದೆ: ನ್ಯೂರೈಟಿಸ್ ಆದವರು ಓಲಾಡುತ್ತಲೇ ಆದರೂ ಸಾಮಾನ್ಯವಾಗಿ ಕೂರುತ್ತಾರೆ, ನಿಲ್ಲುತ್ತಾರೆ. ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕೂರಲೂ ಆಗದಿದ್ದರೆ 108ಕ್ಕೆ ಕರೆ ಮಾಡಿ. ಕೂತರೆಂದು ಮನೆಯಲ್ಲೇ ಉಳಿಯಬೇಡಿ. ಗಂಟೆಗಟ್ಟಲೆ ನಿಲ್ಲದ ಹೊಸ ತಲೆಸುತ್ತನ್ನು ಅಂದೇ ವೈದ್ಯರು ನೋಡಬೇಕು.