ಹದಿನಾಲ್ಕು ದಿನ ಕಟ್ಟಿ ಕೊಡಬೇಡಿ, ಬಿಡಿಸಿ ಕೊಡಿ



ಆಸ್ಪತ್ರೆಯವರು ಬಿಟ್ಟು ಕಳಿಸಿದರು ಅಂದ್ರೆ ಕಾಯಿಲೆ ಮುಗೀತು ಅಂತ ಫ್ಯಾಕ್ಟರಿಯ ಮೇಲಿನವರು ತಿಳ್ಕೊಂಡಿದಾರೆ. ನಮ್ಮ ಕೇರಿಗಳಲ್ಲಿ ಕಷ್ಟ ಶುರುವಾಗೋದೇ ಅವತ್ತು. ಆಸ್ಪತ್ರೆಯಲ್ಲಿ ನರ್ಸು ಮಾಡ್ತಿದ್ದ ಕೆಲಸ ಎಲ್ಲಾ ಆ ದಿನದಿಂದ ಮಗಳ ಪಾಲಿಗೆ ಬರುತ್ತೆ. ಆ ಮಗಳು ಎಷ್ಟೋ ಮನೆಗಳಲ್ಲಿ ಗಾರ್ಮೆಂಟ್ಸಿಗೆ ಹೋಗೋಳು. ಹಾಸ್ಟೆಲಿನಲ್ಲಿ ಓದೋ ತಮ್ಮನ ಫೀಸು, ಪುಸ್ತಕ ಅವಳ ಸಂಬಳದಿಂದಲೇ ಆಗಬೇಕು. ಅದಕ್ಕೇ ಅವಳ ರಜೆಯ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಒಂದು ಸಂಸಾರ ಇಟ್ಕೊಂಡು ಲೆಕ್ಕ ಹಾಕೋಣ. ಹೆಸರು ಬೇಡ, ಇಂಥ ಮನೆ ಎಲ್ಲಾ ಊರಲ್ಲೂ ಇದೆ. ನುಗ್ಗೇಹಳ್ಳಿ ಕಡೆಯ ಒಂದು ಕೇರಿ. ಅರವತ್ತೈದು ದಾಟಿದ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಹಾಸನದಲ್ಲಿ ಆಪರೇಷನ್ ಆಯ್ತು. ಆ ವಾರ ಚಿಕ್ಕಮ್ಮ ಜೊತೆಗಿದ್ದಳು. ಏಳನೇ ದಿನ ಡಿಸ್ಚಾರ್ಜ್. ಮಗಳು ಹಾಸನದಲ್ಲೇ ರೂಮು ಮಾಡ್ಕೊಂಡು ಗಾರ್ಮೆಂಟ್ಸಿಗೆ ಹೋಗ್ತಾಳೆ. ವರ್ಷಕ್ಕೆ 280 ದಿನ ದುಡಿದರೆ, 20 ದಿನಕ್ಕೆ 1ರಂತೆ, 14 ದಿನ ಸಂಬಳದ ರಜೆ ಬರುತ್ತೆ.

ಸೂಪರ್‌ವೈಸರ್ ಹೇಳೋದು ಹೀಗೆ: "ಹದಿನಾಲ್ಕೂ ಒಂದೇ ಸಲ ತಗೊಂಡ್ಬಿಡಮ್ಮ. ಆಮೇಲೆ ಇವತ್ತೊಂದು ನಾಳೆಯೊಂದು ಅಂತ ಬರಬೇಡ, ಲೈನು ನಿಂತೋಗುತ್ತೆ." ಕೇಳಿದರೆ ಉಪಕಾರ ಮಾಡಿದ ಹಾಗಿದೆ. ಡಿಸ್ಚಾರ್ಜ್ ದಿನದಿಂದ 14 ದಿನ ಎಣಿಸಿ ನೋಡಿ. ಆಪರೇಷನ್ ಆಗಿ ಮೂರು ವಾರಕ್ಕೇ ರಜೆ ಖಾಲಿ. ಆಗಿನ್ನೂ ತಾಯಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡ್ತಿರ್ತಾಳೆ ಅಷ್ಟೆ. ಆರನೇ ವಾರಕ್ಕೆ ಎಕ್ಸರೇ ಇದೆ. ಹನ್ನೆರಡನೇ ವಾರಕ್ಕೆ ಇನ್ನೊಂದಿದೆ. ಮುದುಕಿಯನ್ನ ಚನ್ನರಾಯಪಟ್ಟಣಕ್ಕೆ ಕರ್ಕೊಂಡು ಹೋಗಿ, ಅಲ್ಲಿಂದ ಹಾಸನಕ್ಕೆ ದಾಟಿಸಿ, ಚೀಟಿ ಮಾಡಿಸಿ, ಸಾಲಲ್ಲಿ ಕೂರಿಸೋರು ಯಾರು?

ಅದೇ 14 ದಿನವನ್ನ ಬಿಡಿಸಿ ಇಡೋಣ. ಮನೆಗೆ ಬಂದ ಮೊದಲ 5 ದಿನ ಒಟ್ಟಿಗೇ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಮಂಚದಿಂದ ಹೇಗೆ ಎಬ್ಬಿಸಬೇಕು, ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು ಅನ್ನೋದನ್ನ ಮನೆಯವರೆಲ್ಲ ಕಲಿಯೋ ದಿನಗಳಿವು. ತಾಯಿ ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ. ನಮ್ಮ ಮನೆಗಳ ಪಾಯಿಖಾನೆ, ಇದ್ದರೆ, ಕುಕ್ಕರಗಾಲಿನದೇ. ಹಾಗಾಗಿ ತೂತಿನ ಕುರ್ಚಿ ಹೊಂದಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಔಷಧಿಯನ್ನ ಹೊತ್ತಿಗೆ ಸರಿಯಾಗಿ ಕೊಡೋದನ್ನ ಪಕ್ಕದ ಮನೆಯವಳಿಗೂ ತೋರಿಸಿಕೊಡಬೇಕು. ಎರಡನೇ ವಾರದ ಕೊನೆಗೆ ಹೊಲಿಗೆ ಬಿಚ್ಚಿಸೋಕೆ 1 ದಿನ. ಆಮೇಲೆ ಮೂರು ವಾರ, ವಾರಕ್ಕೆ 1 ದಿನ. ಅವತ್ತು ಸ್ನಾನ ಮಾಡಿಸಿ, ಬೆನ್ನು, ಹಿಮ್ಮಡಿ ಕೆಂಪಾಗಿದೆಯಾ ನೋಡಿ, ವ್ಯಾಯಾಮ ಮಾಡಿಸಬೇಕು. ಕೆಂಪಾದ ಜಾಗ ಒತ್ತಿದರೂ ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಎಕ್ಸರೇಗಳಿಗೆ ಒಂದೊಂದು ದಿನ. ಒಟ್ಟು 11 ಆಯ್ತು.

ಉಳಿದ 3 ದಿನವನ್ನ ಯಾವ ತಾರೀಖಿಗೂ ಗಂಟು ಹಾಕಬಾರದು. ಮೀನಖಂಡ ಊದಿಕೊಂಡು ನೋವಾದರೆ, ಗಾಯದಲ್ಲಿ ಕೀವು ಬಂದರೆ, ಜ್ವರ ಏರಿದರೆ ಅವತ್ತೇ ಆಸ್ಪತ್ರೆಗೆ ಹೊರಡಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಯಾರನ್ನೂ ಕಾಯೋ ಹಾಗಿಲ್ಲ, 108ಕ್ಕೆ ಫೋನು ಮಾಡಬೇಕು. ಇವು ರಜಾ ಅರ್ಜಿ ಹಾಕಿ ಬರೋವಲ್ಲ.

ಅದೇ ಸಂಬಳ, ಅದೇ 14 ದಿನ. ಮಾಲೀಕನ ಗಂಟು ಒಂದು ಪೈಸೆಯೂ ಹೆಚ್ಚಿಗೆ ಹೋಗಲಿಲ್ಲ. ಒಟ್ಟಿಗೆ ಕೊಟ್ಟದ್ದು ಮೂರು ವಾರಕ್ಕೆ ಸತ್ತುಹೋಯ್ತು, ಬಿಡಿಸಿ ಕೊಟ್ಟದ್ದು ಹನ್ನೆರಡು ವಾರ ಕಾಯ್ತು.

ಕಾನೂನು ಏನು ಹೇಳುತ್ತೆ? 1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ರಜೆಗೆ 15 ದಿನ ಮೊದಲೇ ಅರ್ಜಿ ಕೊಡಬೇಕಿತ್ತು. ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಒಡೆದು ತಗೊಳ್ಳೋ ಹಾಗಿರಲಿಲ್ಲ. ತನಗೇ ಕಾಯಿಲೆಯಾದರೆ ಮಾತ್ರ ಗಡುವಿನಿಂದ ವಿನಾಯಿತಿ. ತಾಯಿಗಾದರೆ ಇಲ್ಲ. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಹಿಂದೆ ರಜೆ ಹುಟ್ಟೋಕೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು, ಈಗ 180 ಸಾಕು. ಇದು ಒಳ್ಳೇದೇ. ಆದರೆ ಹೆತ್ತವರ ಆರೈಕೆಯ ರಜೆ ಅನ್ನೋದು ಅದರಲ್ಲೂ ಇಲ್ಲ. ಇ.ಎಸ್.ಐ. ಅವಲಂಬಿತ ತಾಯಿಗೆ ಚಿಕಿತ್ಸೆ ಕೊಡುತ್ತೆ, ಅವಳ ಪಕ್ಕ ಕೂತ ಮಗಳ ದಿನಗೂಲಿ ಕೊಡಲ್ಲ. ಇನ್ನೊಂದು ಕಡೆ, ಹೆತ್ತವರನ್ನ ನಡುನೀರಲ್ಲಿ ಕೈಬಿಟ್ಟರೆ 3 ತಿಂಗಳವರೆಗೆ ಜೈಲು ಅನ್ನುತ್ತೆ 2007ರ ಹಿರಿಯ ನಾಗರಿಕರ ಕಾಯ್ದೆ. ನೋಡ್ಕೊಳ್ಳಲಿಲ್ಲ ಅಂದ್ರೆ ಜೈಲು, ನೋಡ್ಕೊಳ್ಳೋಕೆ ಹೋದರೆ ಕೂಲಿ ಕಡಿತ!

ಬಿಡಿ ದಿನಗಳಲ್ಲಿ ಒಂದು ಅಪಾಯವಿದೆ, ಅದನ್ನೂ ಹೇಳಬೇಕು. 1946ರ ಮಾದರಿ ಸ್ಥಾಯಿ ಆದೇಶಗಳ ಕಾಲದಿಂದ ರಜೆಯಿಲ್ಲದೆ ಪದೇಪದೇ ಗೈರಾಗೋದು ದುರ್ನಡತೆ, ರಜೆಯಿಲ್ಲದೆ 10 ದಿನಕ್ಕಿಂತ ಹೆಚ್ಚು ಗೈರಾಗೋದೂ ದುರ್ನಡತೆ ಅಂತ ಬರೆದಿಟ್ಟಿದಾರೆ. ಬಾಯಿಮಾತಲ್ಲಿ "ಹೋಗಿ ಬಾ" ಅಂದವನೇ ನಾಳೆ ಆ ಬಿಡಿ ದಿನಗಳನ್ನೆಲ್ಲ ಪೋಣಿಸಿ ನೋಟೀಸು ಕೊಡಬಹುದು. ಹಾಜರಿ ಬೋನಸ್ ಇರೋ ಕಡೆ ಒಂದು ದಿನ ತಪ್ಪಿದರೆ ತಿಂಗಳ ಬೋನಸ್ಸೇ ಹೋಗೋದುಂಟು. ಆದ್ದರಿಂದ ಬಿಡಿ ರಜೆ ಸೂಪರ್‌ವೈಸರನ ದಯೆಯಾಗಬಾರದು, ಬರೆದ ಹಕ್ಕಾಗಬೇಕು.

ಇದೇನು ಆಕಾಶದ ಹೂವಲ್ಲ. ಜಪಾನಿನಲ್ಲಿ ಎರಡೂ ಇವೆ. ಆರೈಕೆ ಬೇಕಾದ ಒಬ್ಬರಿಗಾಗಿ ಒಟ್ಟು 93 ದಿನ, ಅದನ್ನ ಮೂರು ಕಂತು ಮಾಡಬಹುದು. ಅದಲ್ಲದೆ ವರ್ಷಕ್ಕೆ 5 ಬಿಡಿ ದಿನ. 2021ರ ಜನವರಿಯಿಂದ ಈ ಬಿಡಿ ದಿನಗಳನ್ನ ಗಂಟೆ ಲೆಕ್ಕದಲ್ಲೂ ತಗೊಳ್ಳಬಹುದು. ಬಿಡಿ ದಿನಗಳಿಗೆ ಸಂಬಳ ಕೊಡಲೇಬೇಕು ಅಂತ ಅಲ್ಲಿಯ ಕಾನೂನು ಹೇಳಿಲ್ಲ, ಅದು ಕೊರತೆಯೇ. ಜಪಾನ್ ದೂರ ಅನ್ನೋರು ನಮ್ಮಲ್ಲೇ ನೋಡಲಿ. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ದುಡಿಯೋ ಹೆಣ್ಣುಮಕ್ಕಳಿಗೆ ತಿಂಗಳಿಗೆ 1ರಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿತು. ಕೆಲವು ಮಾಲೀಕರು ಅದರ ವಿರುದ್ಧ ಹೈಕೋರ್ಟಿಗೆ ಹೋದರು. ಆದರೂ, ಒಂದೊಂದೇ ದಿನದ ರಜೆಯನ್ನ ಸರ್ಕಾರ ಬರೆಯಬಲ್ಲದು ಅನ್ನೋದು ಗೊತ್ತಾಯ್ತಲ್ಲ.

ಹೊಸ ಸಂಹಿತೆಯ ರಾಜ್ಯ ನಿಯಮಗಳಲ್ಲಿ ಇದನ್ನ ಸೇರಿಸಿ ಅಂತ ನಾವು ಕಾರ್ಮಿಕ ಇಲಾಖೆಯನ್ನ ಕೇಳ್ತೀವಿ. ಗಳಿಸಿದ ರಜೆಯನ್ನ ಹೆತ್ತವರ ಆರೈಕೆಗೆ ಎಷ್ಟು ಸಲ ಬೇಕಾದರೂ, ಅರ್ಧ ದಿನವಾಗಿಯೂ ಒಡೆದು ತಗೊಳ್ಳೋಕೆ ಬಿಡಬೇಕು. ಅದರಲ್ಲಿ 3 ದಿನಕ್ಕೆ ಮುಂಚಿತ ಅರ್ಜಿ ಕೇಳಬಾರದು. ಆ ದಿನಗಳು ಗೈರು ಅಂತ ಎಣಿಕೆಯಾಗಬಾರದು. ಗಂಡುಮಕ್ಕಳಿಗೂ ಇದು ಸಿಗಬೇಕು, ಇಲ್ಲದಿದ್ದರೆ ತಾಯಿಯ ಕುಂಡೆ ತೊಳೆಯೋದು ಹೆಣ್ಣಿನದೇ ಕೆಲಸ ಅಂತ ಕಾನೂನೇ ಮುದ್ರೆ ಒತ್ತಿದ ಹಾಗಾಗುತ್ತೆ.

ಅಲ್ಲಿಯವರೆಗೆ ಹಾಸ್ಟೆಲಿನ ನಾವು ಮಾಡೋ ಕೆಲಸ ಒಂದಿದೆ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತೆ, ಓದೋಕೆ ಬರೋರು ನಾವು. ಹೊಲಿಗೆ ಬಿಚ್ಚೋ ದಿನ, ತಿರುಗಿ ತೋರಿಸೋ ದಿನ ಎಲ್ಲಾ ಅದರಲ್ಲೇ ಬರೆದಿರ್ತಾರೆ. ಮಾಲೀಕ "ಹೇಳದೆ ಕೇಳದೆ ರಜೆ" ಅನ್ನೋಕೆ ಬರಲ್ಲ, ಆರು ವಾರ ಮೊದಲೇ ತಾರೀಖು ಅಲ್ಲಿದೆ. ಆ ತಾರೀಖುಗಳನ್ನೆಲ್ಲ ಒಂದೇ ಅರ್ಜಿಯಲ್ಲಿ ಇಳಿಸಿ, ಚೀಟಿಯ ಜೆರಾಕ್ಸ್ ಲಗತ್ತಿಸಿ, ಅಕ್ಕನ ಕೈಲಿ ಎರಡು ಪ್ರತಿ ಕೊಡಿ. ಒಂದು ಫ್ಯಾಕ್ಟರಿ ಆಫೀಸಿಗೆ. ಇನ್ನೊಂದರ ಮೇಲೆ ಅವರ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಮನೇಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.