ಮದುವೆಯಾದ ಮೇಲೆ ಯಾರ ಕಾಯಕ ನಿಲ್ಲಬೇಕು?

ಮೂಡಲಪಾಳ್ಯದ ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ಮಾತುಕತೆ ಮುಗಿಯುವಾಗ ಗಂಡಿನ ಕಡೆಯವರು ಒಂದು ಮಾತು ಸೇರಿಸುವುದುಂಟು: “ಮದುವೆ ಆದ ಮೇಲೆ ಕೆಲಸ ಯಾಕಮ್ಮ, ನಮ್ಮ ಹುಡುಗನ ಸಂಬಳ ಸಾಕು.” ಅಕ್ಕರೆಯಿಂದಲೇ ಆಡಿದ ಮಾತಿರಬಹುದು. ಹೀಗೆ ಕೆಲಸ ಬಿಡಿಸುವ ಅಧಿಕಾರ ಒಂದು ಕಾಲಕ್ಕೆ ಭಾರತ ಸರ್ಕಾರದ ನಿಯಮದಲ್ಲೇ ಇತ್ತು.

ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಂತೆ ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಲಿಖಿತ ಅನುಮತಿ ಪಡೆಯಬೇಕಿತ್ತು; ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗಿದೆ ಎಂದು ತೋರಿದರೆ ಸರ್ಕಾರ ರಾಜೀನಾಮೆ ಕೇಳಬಹುದಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ವೇಳೆಗೆ ಸರ್ಕಾರವೇ ಅವರಿಗೆ ಬಡ್ತಿ ಕೊಟ್ಟು, ಅಂಥ ನಿಯಮಗಳನ್ನು ಕೈಬಿಡುವ ದಾರಿ ಹಿಡಿದಿತ್ತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮದ ತಪ್ಪನ್ನು ಬಿಡಿಸಿ ಹೇಳಿದರು: ಸಂಸಾರದ ಹೊರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲ, ಕಟ್ಟಳೆ ಹೆಣ್ಣಿಗೆ ಮಾತ್ರ ಏಕೆ?

ಹೊಸದಾಗಿ ಮದುವೆಯಾದವರು ಇದೇ ಪ್ರಶ್ನೆಯನ್ನು ಹಿಡಿದು ಮನೆಯ ಲೆಕ್ಕ ಹಾಕಬೇಕು. ಗಂಡನ ಸಂಬಳ 45,000, ಹೆಂಡತಿಯದು 30,000 ಎಂದಿಟ್ಟುಕೊಳ್ಳಿ. ಮುಂದೆ ಮಗುವನ್ನು ನೋಡಿಕೊಳ್ಳಲು, ಓಡಾಡಲು ತಿಂಗಳಿಗೆ 12,000 ಬೇಕಾದರೆ, “ಅವಳ ದುಡಿಮೆಯಲ್ಲಿ ಉಳಿಯುವುದೆಷ್ಟು?” ಎನ್ನುತ್ತಾರೆ. ಎಡವುವುದು ಇಲ್ಲಿಯೇ. ಮಗು ಇಬ್ಬರದು, ಖರ್ಚು ಇಬ್ಬರ 75,000ದಿಂದ ಹೋಗಬೇಕು. ಆಗ 63,000 ಉಳಿಯುತ್ತದೆ. ಅವಳು ಕೆಲಸ ಬಿಟ್ಟರೆ ಇರುವುದು 45,000.

ಕಾಣದ ನಷ್ಟವೂ ಇದೆ. ಕಾನೂನು ಅನ್ವಯಿಸುವ ಸಂಸ್ಥೆಯಲ್ಲಿ, ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳಿಗೆ ತಲಾ 26 ವಾರ ಸಂಬಳಸಹಿತ ರಜೆ ಸಿಗುತ್ತದೆ. ಈ ಲೆಕ್ಕದಲ್ಲಿ ಅದು ಸುಮಾರು 1,80,000 ರೂಪಾಯಿ. ಮದುವೆಯ ತಿಂಗಳಲ್ಲೇ ರಾಜೀನಾಮೆ ಕೊಟ್ಟವಳಿಗೆ ಇದಿಲ್ಲ. ಖಾಯಂ ನೌಕರಿಯಲ್ಲಿ ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು. ನಾಲ್ಕನೆಯ ವರ್ಷದಲ್ಲಿ ಬಿಟ್ಟರೆ ಅದೂ ಹೋಯಿತು.

ಹಿರಿಯರ ನಿಜವಾದ ಆತಂಕ ದುಡ್ಡಿನದಲ್ಲ. ಬೆಳಗಿನ ಅಡುಗೆ, ಪೂಜೆಯ ಅಣಿ, ಬಂದವರ ಉಪಚಾರ ಯಾರು ನೋಡುವರು ಎಂಬುದು. ಅದಕ್ಕೆ ಮಗನೇ ಉತ್ತರ ಕೊಡಬೇಕು. ಮದುವೆಗೆ ಮೊದಲೇ ಇಬ್ಬರೂ ಕೂತು, ಯಾವ ಕೆಲಸ ಯಾರದೆಂದು ಹಂಚಿಕೊಂಡು, “ಬೆಳಗಿನ ತಿಂಡಿ ನನ್ನದು, ಅವ್ವ” ಎಂದು ಅವನೇ ಹೇಳಬೇಕು. ಆ ಮಾತು ಸೊಸೆಯ ಬಾಯಿಂದ ಬಂದರೆ ಜಗಳವಾಗುತ್ತದೆ. ಹೇಳಿದ್ದನ್ನು ಅವನು ಮಾಡದಿದ್ದರೆ, ಆರು ತಿಂಗಳಲ್ಲಿ ಅವಳೇ ಸೋತು ಕೆಲಸ ಬಿಡುತ್ತಾಳೆ. ನಾವು ಅದನ್ನು ಅವಳ ಇಷ್ಟ ಎನ್ನುತ್ತೇವೆ.

ಅವಳೇ ಮನಸಾರೆ ಬಿಡುವೆನೆಂದರೆ ಅದು ಅವಳ ತೀರ್ಮಾನ. ಆದರೆ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳು, ಮಾರಯ್ಯ ಆ ಮಾತು ಕೇಳಿದ. ಕಾಯಕದ ವಿಷಯದಲ್ಲಿ ಹೆಂಡತಿಯ ಮಾತು ನಡೆದ ಆ ಮನೆಯನ್ನು ಕೊಂಡಾಡುವ ನಾವು, ಸೊಸೆಯ ಕಾಯಕವನ್ನು ಅವಳನ್ನು ಕೇಳದೆ ನಿಲ್ಲಿಸಬಹುದೇ?